ನಾಲ್ಕು ವೀಕೆಂಡು, ಒಂದೇ ಪ್ರಶ್ನೆ: ಡೇಟಾ ಸೈನ್ಸ್ ಇಂಟರ್‌ವ್ಯೂಗೆ ಪ್ರಾಬಬಿಲಿಟಿ ಮತ್ತೆ ಓದೋದು ಹೇಗೆ?

ಮೊದಲು ಈ ಪ್ರಶ್ನೆ ನೋಡಿ. ಒಂದು ಶಾಪಿಂಗ್ ಆ್ಯಪ್‌ನಲ್ಲಿ ಪೇಮೆಂಟ್ ಬಟನ್ ಬದಲಾಯಿಸಿದ್ದಾರೆ. 10,000 ಜನರಿಗೆ ಹಳೇ ಬಟನ್ ತೋರಿಸಿದರು, ಅದರಲ್ಲಿ 500 ಜನ ಕೊಂಡುಕೊಂಡರು. ಇನ್ನೊಂದು 10,000 ಜನರಿಗೆ ಹೊಸ ಬಟನ್ ತೋರಿಸಿದರು, 560 ಜನ ಕೊಂಡುಕೊಂಡರು. ಯಾರಿಗೆ ಯಾವ ಬಟನ್ ಅನ್ನೋದು ಲಾಟರಿ ಎತ್ತಿದ ಹಾಗೆ ನಿರ್ಧಾರವಾಗಿತ್ತು. ಈಗ ಹೇಳಿ, ಹೊಸ ಬಟನ್ ಎಲ್ಲರಿಗೂ ಬಿಡಬೇಕೋ ಬೇಡವೋ?

ಡೇಟಾ ಸೈನ್ಸ್ ಇಂಟರ್‌ವ್ಯೂನಲ್ಲಿ ಸ್ಟಾಟಿಸ್ಟಿಕ್ಸ್ ಭಾಗಕ್ಕೆ ಬಂದಾಗ ಈ ಜಾತಿಯ ಪ್ರಶ್ನೆ ತುಂಬಾ ಸಾಮಾನ್ಯ. ಎಂ-4 ಓದಿದವರಿಗೆ ಇದು ಹೊಸದೇನಲ್ಲ, ಎರಡು ಪ್ರಪೋರ್ಷನ್‌ಗಳ z-ಟೆಸ್ಟ್. ಪರೀಕ್ಷೆಯಲ್ಲಾದರೆ ಫಾರ್ಮುಲಾ ಹಾಕಿ, ಟೇಬಲ್ ನೋಡಿ, "5% ಮಟ್ಟದಲ್ಲಿ ಹೈಪಾಥಿಸಿಸ್ ತಿರಸ್ಕರಿಸಲಾಗುವುದಿಲ್ಲ" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಇಂಟರ್‌ವ್ಯೂನಲ್ಲಿ ಪ್ರಶ್ನೆ ಶುರುವಾಗೋದೇ ಅಲ್ಲಿಂದ. "ಹಾಗಂದ್ರೆ ಬಟನ್‌ನಿಂದ ಏನೂ ಪ್ರಯೋಜನ ಇಲ್ಲ ಅಂತಾನಾ? ಇನ್ನೊಂದು ವಾರ ಟೆಸ್ಟ್ ಓಡಿಸಿದರೆ? ಶುರುವಿಗೇ ಎಷ್ಟು ಜನ ಬೇಕಿತ್ತು?" ಫಾರ್ಮುಲಾ ಮಾತ್ರ ಗೊತ್ತಿದ್ದವರು ಇಲ್ಲಿ ಸುಮ್ಮನಾಗ್ತಾರೆ.

ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆದ ಮೇಲೆ, ಸಾಫ್ಟ್‌ವೇರ್‌ನಿಂದ ಡೇಟಾ ಸೈನ್ಸ್ ಕಡೆಗೆ ಹೋಗೋಣ ಅಂದುಕೊಂಡ ಒಬ್ಬ ಇಂಜಿನಿಯರ್‌ಗೆ ಹಾಕಿದ ಪ್ಲಾನ್ ಇದು. ಅವರಿಗೆ ಸಿಗೋದು ಶನಿವಾರ, ಭಾನುವಾರ ಮಾತ್ರ. ಆದ್ದರಿಂದ ಪುಸ್ತಕವನ್ನು ಮೊದಲ ಪುಟದಿಂದ ಓದೋಕೆ ಹೋಗದೆ, ಮೇಲಿನ ಒಂದೇ ಪ್ರಶ್ನೆಗೆ ಪೂರ್ತಿ ಉತ್ತರ ಕೊಡೋಕೆ ಏನೇನು ಬೇಕು ಅಂತ ಹಿಂದಿನಿಂದ ಲೆಕ್ಕ ಹಾಕಿದ್ದೇವೆ. ಕ್ಯಾಂಪಸ್‌ನಲ್ಲೇ ಇರುವ ನಿಮಗೂ ಇದೇ ಪ್ಲಾನ್ ನಡೆಯುತ್ತೆ, ಇಂಟರ್ನಲ್ಸ್ ಇಲ್ಲದ ನಾಲ್ಕು ವಾರ ನೋಡಿಕೊಳ್ಳಿ ಅಷ್ಟೇ.

ಸಮಯದ ಲೆಕ್ಕ

ಒಂದು ವೀಕೆಂಡಿಗೆ ಆರು ಗಂಟೆ, ಒಟ್ಟು 24 ಗಂಟೆ. ಶನಿವಾರ ಬೆಳಿಗ್ಗೆ ಮೂರು ಗಂಟೆ ಪೆನ್ನು ಮತ್ತು ಪೇಪರ್. ಭಾನುವಾರ ಬೆಳಿಗ್ಗೆ ಎರಡು ಗಂಟೆ ಲ್ಯಾಪ್‌ಟಾಪ್‌ನಲ್ಲಿ ಸಿಮ್ಯುಲೇಶನ್. ಭಾನುವಾರ ಸಂಜೆ ಒಂದು ಗಂಟೆ ಬಾಯಿಬಿಟ್ಟು ವಿವರಿಸೋದು.

ಶನಿವಾರದ ಮೊದಲ ಅರ್ಧ ಗಂಟೆ ಪುಸ್ತಕ ತೆರೆಯಬೇಡಿ. ಆ ವಾರದ ಪ್ರಶ್ನೆಯನ್ನು ನೆನಪಿನಲ್ಲಿ ಉಳಿದಷ್ಟರಿಂದಲೇ ಬಿಡಿಸಿ ನೋಡಿ. ಎಲ್ಲಿ ನಿಂತಿರಿ ಅನ್ನೋದನ್ನು ಒಂದು ಸಾಲಿನಲ್ಲಿ ಬರೆದಿಡಿ. ಆಮೇಲೆ ಓದುವಾಗ ಆ ಜಾಗವನ್ನೇ ಹುಡುಕಿ ಓದ್ತೀರಿ, ಇಲ್ಲದಿದ್ದರೆ ಗೊತ್ತಿರೋ ಪುಟಗಳನ್ನೇ ಮತ್ತೆ ಓದಿ "ಎಲ್ಲಾ ಗೊತ್ತು" ಅಂತ ಅನಿಸಿಬಿಡುತ್ತೆ. ಪುಸ್ತಕ ಒಂದೇ ಸಾಕು. ಬ್ಲಿಟ್ಸ್‌ಸ್ಟೈನ್ ಮತ್ತು ಹ್ವಾಂಗ್ ಬರೆದ 'ಇಂಟ್ರೊಡಕ್ಷನ್ ಟು ಪ್ರಾಬಬಿಲಿಟಿ' ಆಗಬಹುದು, ಶೆಲ್ಡನ್ ರಾಸ್ ಪುಸ್ತಕ ಆಗಬಹುದು. ಎರಡನ್ನೂ ಇಟ್ಟುಕೊಂಡರೆ ಶನಿವಾರ ಹೋಲಿಕೆಯಲ್ಲೇ ಕಳೆಯುತ್ತೆ.

ಕೆಲಸದಲ್ಲಿ ಇರುವವರಿಗೆ ಆನ್-ಕಾಲ್ ವೀಕೆಂಡ್ ಬಂದೇ ಬರುತ್ತೆ. ಆ ವಾರ ಶನಿವಾರದ ಕೈಲೆಕ್ಕ ಮಾತ್ರ ಮಾಡಿ, ಉಳಿದದ್ದನ್ನು ಮುಂದಿನ ವಾರಕ್ಕೆ ತಳ್ಳಿ. ಎರಡು ವಾರದ್ದನ್ನು ಒಂದರಲ್ಲೇ ತುರುಕಬೇಡಿ. ಪ್ಲಾನ್ ಐದು ವಾರ ಆದರೂ ನಷ್ಟವಿಲ್ಲ. ಪ್ರತಿ ವಾರವೂ ಹಿಂದಿನ ವಾರದ ಮೇಲೆ ನಿಂತಿರೋದರಿಂದ ಮಧ್ಯದ ಒಂದನ್ನು ಹಾರಿಸಿದರೆ ಮಾತ್ರ ಕಷ್ಟ.

ಮೊದಲ ವೀಕೆಂಡ್: ಯಾವುದು ಗೊತ್ತಿದ್ದಾಗ ಯಾವುದು?

ಮೊದಲ ವಾರ ಕಂಡೀಷನಲ್ ಪ್ರಾಬಬಿಲಿಟಿ ಮತ್ತು ಬೇಯ್ಸ್ ಮಾತ್ರ. ವಾರದ ಪ್ರಶ್ನೆ ಹೀಗಿದೆ. ಆನ್‌ಲೈನ್ ಪೇಮೆಂಟ್‌ಗಳಲ್ಲಿ 1% ಮೋಸದವು. ನಮ್ಮ ಸಿಸ್ಟಮ್ ಮೋಸದ ವ್ಯವಹಾರಗಳಲ್ಲಿ 90% ಹಿಡಿಯುತ್ತೆ. ಆದರೆ ಸರಿಯಾದ ವ್ಯವಹಾರಗಳಲ್ಲೂ 5%ಗೆ ತಪ್ಪಾಗಿ ಅಲಾರಂ ಹೊಡೆಯುತ್ತೆ. ಈಗ ಒಂದು ಅಲಾರಂ ಬಂತು. ಅದು ನಿಜವಾಗಿ ಮೋಸ ಆಗಿರೋ ಸಾಧ್ಯತೆ ಎಷ್ಟು?

ಬೇಯ್ಸ್ ಫಾರ್ಮುಲಾ ಬರೆಯೋ ಮೊದಲು 10,000 ವ್ಯವಹಾರಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅದರಲ್ಲಿ 100 ಮೋಸದವು, 9,900 ಸರಿಯಾದವು. ಮೋಸದ 100ರಲ್ಲಿ 90ಕ್ಕೆ ಅಲಾರಂ ಬರುತ್ತೆ. ಸರಿಯಾದ 9,900ರಲ್ಲಿ 5%, ಅಂದರೆ 495ಕ್ಕೂ ಬರುತ್ತೆ. ಒಟ್ಟು ಅಲಾರಂ 585, ಅದರಲ್ಲಿ ನಿಜವಾದದ್ದು 90. ಉತ್ತರ ಸುಮಾರು 15%. "90% ಹಿಡಿಯೋ ಸಿಸ್ಟಮ್" ಅಂದ ಕೂಡಲೇ ಉತ್ತರ 90%ರ ಹತ್ತಿರ ಇರಬೇಕು ಅಂತ ಅನಿಸುತ್ತಲ್ಲ, ಅಲ್ಲೇ ಇರೋದು ವಿಷಯ. ಮೋಸ ಆಗಿದ್ದರೆ ಅಲಾರಂ ಬರೋ ಸಾಧ್ಯತೆ ಒಂದು, ಅಲಾರಂ ಬಂದಿದ್ದರೆ ಮೋಸ ಆಗಿರೋ ಸಾಧ್ಯತೆ ಇನ್ನೊಂದು. ಎರಡರ ಮಧ್ಯೆ ಇರೋದು ಮೂಲದಲ್ಲಿ ಮೋಸ ಎಷ್ಟು ಅಪರೂಪ ಅನ್ನೋ ಸಂಖ್ಯೆ.

ಇದೇ ತರಹದ ಹತ್ತು ಹನ್ನೆರಡು ಪ್ರಶ್ನೆ ಬಿಡಿಸಿ. ಪ್ರತಿಯೊಂದನ್ನೂ ಮೊದಲು ತಲೆ ಎಣಿಸೋ ರೀತಿಯಲ್ಲಿ, ಆಮೇಲೆ ಫಾರ್ಮುಲಾದಲ್ಲಿ. ಎರಡು ಉತ್ತರ ಹೊಂದದಿದ್ದರೆ ಹೆಚ್ಚಾಗಿ ತಪ್ಪು ಇರೋದು ಛೇದದಲ್ಲಿ, ಅಂದರೆ ಯಾವ ಗುಂಪಿನೊಳಗೆ ಎಣಿಸ್ತಾ ಇದ್ದೀವಿ ಅನ್ನೋದರಲ್ಲಿ. ಭಾನುವಾರ ಅದೇ ಪ್ರಶ್ನೆಯಲ್ಲಿ 1% ಬದಲು 10% ಹಾಕಿ ನೋಡಿ, ಉತ್ತರ 15%ನಿಂದ ಸುಮಾರು 67%ಗೆ ಹಾರುತ್ತೆ. ಸಿಸ್ಟಮ್ ಅದೇ, ಬದಲಾದದ್ದು ಅದನ್ನು ಓಡಿಸಿದ ಜಾಗ ಮಾತ್ರ. ಈ ಮಾತು ನಾಲ್ಕನೇ ವಾರ ಮತ್ತೆ ಬೇಕಾಗುತ್ತೆ.

ಎರಡನೇ ವೀಕೆಂಡ್: ಎಕ್ಸ್‌ಪೆಕ್ಟೇಶನ್ ಮತ್ತು ವೇರಿಯನ್ಸ್

ಈ ವಾರದ ಮೊದಲ ಪ್ರಶ್ನೆ ನಮ್ಮ ಹಾಸ್ಟೆಲ್ ಮೆಸ್ ಬಾಗಿಲಿನದ್ದು. 60 ಜನ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಾರೆ. ಕರೆಂಟ್ ಹೋಯಿತು, ಹೊರಗೆ ಬಂದವರೆಲ್ಲ ಕತ್ತಲಲ್ಲಿ ಕೈಗೆ ಸಿಕ್ಕಿದ ಒಂದೊಂದು ಜೊತೆ ಹಾಕಿಕೊಂಡು ಹೋದರು. ಸರಾಸರಿ ಎಷ್ಟು ಜನರಿಗೆ ಅವರವರ ಚಪ್ಪಲಿಯೇ ಸಿಗುತ್ತೆ?

ಎಲ್ಲಾ ಪರ್ಮ್ಯುಟೇಶನ್ ಎಣಿಸೋಕೆ ಹೊರಟರೆ ಅಲ್ಲೇ ರಾತ್ರಿ ಆಗುತ್ತೆ. ಬದಲಿಗೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ, ತಮ್ಮದೇ ಸಿಕ್ಕಿದರೆ 1, ಇಲ್ಲದಿದ್ದರೆ 0. ಒಬ್ಬರಿಗೆ ತಮ್ಮದೇ ಸಿಗೋ ಸಾಧ್ಯತೆ 1/60, ಹಾಗಾಗಿ ಅವರ ಸಂಖ್ಯೆಯ ಸರಾಸರಿ 1/60. 60 ಜನರದ್ದು ಕೂಡಿದರೆ 1. ನೂರು ಜನ ಇದ್ದರೂ ಉತ್ತರ 1, ಸಾವಿರ ಜನ ಇದ್ದರೂ 1. ಈ 0-1 ಸಂಖ್ಯೆಗೆ ಇಂಡಿಕೇಟರ್ ಅಂತಾರೆ. ನಿಮ್ಮ ಚಪ್ಪಲಿ ನಾನು ಹಾಕಿಕೊಂಡರೆ ನಿಮಗೆ ನಿಮ್ಮದು ಸಿಗಲ್ಲ, ಅಂದರೆ ಇವು ಒಂದಕ್ಕೊಂದು ಸ್ವತಂತ್ರ ಅಲ್ಲ. ಆದರೂ ಸರಾಸರಿಗಳನ್ನು ಧೈರ್ಯವಾಗಿ ಕೂಡಬಹುದು. ವೇರಿಯನ್ಸ್ ವಿಷಯದಲ್ಲಿ ಈ ಸಲುಗೆ ಇಲ್ಲ. ವೇರಿಯನ್ಸ್‌ಗಳನ್ನು ಸುಮ್ಮನೆ ಕೂಡಬೇಕಾದರೆ ಅವುಗಳ ಮಧ್ಯೆ ಕೋರಿಲೇಶನ್ ಇರಬಾರದು, ಸ್ವತಂತ್ರವಾಗಿದ್ದರೆ ಆ ಚಿಂತೆ ಇಲ್ಲ. ಈ ಒಂದು ವ್ಯತ್ಯಾಸವನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ, ಮೂರನೇ ವಾರ ಪೂರ್ತಿ ಇದರ ಮೇಲೇ ನಿಂತಿದೆ.

ಎರಡನೇ ಪ್ರಶ್ನೆ ಇಂಟರ್‌ವ್ಯೂಗಳಲ್ಲಿ ಹಳೇ ಪರಿಚಯದವನು. ನಾಣ್ಯ ಚಿಮ್ಮುತ್ತಾ ಹೋಗಿ. ಬೆನ್ನು ಬೆನ್ನಿಗೆ ಎರಡು ಹೆಡ್ (HH) ಬರೋಕೆ ಸರಾಸರಿ ಎಷ್ಟು ಸಲ ಚಿಮ್ಮಬೇಕು? ಹೆಡ್ ಆದ ಮೇಲೆ ಟೇಲ್ (HT) ಬರೋಕೆ? ಎರಡೂ ಒಂದೇ ಅಂತ ಅನಿಸುತ್ತೆ, ಯಾಕಂದ್ರೆ ಯಾವುದೇ ಎರಡು ಎಸೆತದಲ್ಲಿ ಎರಡಕ್ಕೂ ಸಾಧ್ಯತೆ 1/4.

ಶುರುವಿನಿಂದ ಬೇಕಾಗೋ ಸರಾಸರಿ x ಇರಲಿ, ಈಗಷ್ಟೇ ಒಂದು ಹೆಡ್ ಬಿದ್ದಿದ್ದರೆ ಅಲ್ಲಿಂದ ಬೇಕಾಗೋದು y ಇರಲಿ. ಶುರುವಿನಲ್ಲಿ ಒಂದು ಸಲ ಚಿಮ್ಮಿದರೆ ಅರ್ಧ ಸಲ ಹೆಡ್ ಬಂದು y ಸ್ಥಿತಿಗೆ ಹೋಗ್ತೀವಿ, ಅರ್ಧ ಸಲ ಇದ್ದಲ್ಲೇ ಇರ್ತೀವಿ. ಅಂದರೆ x = 1 + y/2 + x/2, ಅಥವಾ x = 2 + y. ಇದು ಎರಡಕ್ಕೂ ಒಂದೇ. ಮುಂದೆ ದಾರಿ ಬೇರೆಯಾಗುತ್ತೆ. HHನಲ್ಲಿ ಒಂದು ಹೆಡ್ ಆದ ಮೇಲೆ ಟೇಲ್ ಬಿದ್ದರೆ ಮಾಡಿದ್ದೆಲ್ಲ ಹೋಯಿತು, ಮತ್ತೆ ಶುರುವಿನಿಂದ. ಹಾಗಾಗಿ y = 1 + x/2. ಬಿಡಿಸಿದರೆ y = 4, x = 6. HTನಲ್ಲಿ ಒಂದು ಹೆಡ್ ಆದ ಮೇಲೆ ಇನ್ನೊಂದು ಹೆಡ್ ಬಿದ್ದರೆ ಏನೂ ಕಳೆದುಕೊಳ್ಳಲ್ಲ, ಆ ಹೊಸ ಹೆಡ್ಡೇ ಕೈಯಲ್ಲಿ ಇರುತ್ತೆ. ಹಾಗಾಗಿ y = 1 + y/2, ಅಂದರೆ y = 2, x = 4. ಇಂಟರ್‌ವ್ಯೂನಲ್ಲಿ 6 ಮತ್ತು 4 ಅಂತ ಹೇಳೋದಕ್ಕಿಂತ "ತಪ್ಪಿದಾಗ ಏನು ಕಳೆದುಕೊಳ್ತೀವಿ" ಅನ್ನೋ ಆ ಒಂದು ವಾಕ್ಯ ಹೇಳೋದು ಮುಖ್ಯ.

ಭಾನುವಾರ ಇದನ್ನೇ ಓಡಿಸಿ ನೋಡಿ:

```python
import random

def wait(pattern):
    s = ""
    while not s.endswith(pattern):
        s += random.choice("HT")
    return len(s)

N = 100_000
print(sum(wait("HH") for _ in range(N)) / N)
print(sum(wait("HT") for _ in range(N)) / N)
```

ಕೋಡ್ ಬರೆಯೋ ಕೈಗೆ ಸಿಮ್ಯುಲೇಶನ್ ಸುಲಭ, ಅದಕ್ಕೇ ಒಂದು ಎಚ್ಚರಿಕೆ. ಶನಿವಾರದ ಕೈಲೆಕ್ಕಕ್ಕಿಂತ ಮೊದಲೇ ಇದನ್ನು ಓಡಿಸಬೇಡಿ. ಉತ್ತರ 6 ಅಂತ ಕಂಡುಬಿಟ್ಟರೆ ಸಮೀಕರಣ ಬರೆಯೋ ಹಸಿವೇ ಹೋಗುತ್ತೆ, ಇಂಟರ್‌ವ್ಯೂನ ವೈಟ್‌ಬೋರ್ಡಿನಲ್ಲಿ ಪೈಥಾನ್ ಓಡಲ್ಲ.

ಮೂರನೇ ವೀಕೆಂಡ್: ಸಂಖ್ಯೆ ಎಷ್ಟು ಅಲ್ಲಾಡುತ್ತೆ?

ಈಗ ಬಟನ್ ಕಥೆಗೆ ಬರೋಣ. ಹಳೇ ಬಟನ್ ನೋಡಿದ 10,000 ಜನರಲ್ಲಿ 500 ಜನ ಕೊಂಡರು. ಏನೂ ಬದಲಾಯಿಸದೆ ಇನ್ನೊಂದು 10,000 ಜನರಿಗೆ ಅದೇ ಬಟನ್ ತೋರಿಸಿದರೆ ಮತ್ತೆ ಸರಿಯಾಗಿ 500 ಬರುತ್ತಾ? ಬರಲ್ಲ. ಹಾಗಾದರೆ ಎಷ್ಟು ಅಲ್ಲಾಡುತ್ತೆ? ಸ್ಟಾಂಡರ್ಡ್ ಎರರ್ ಅನ್ನೋದು ಈ ಅಲ್ಲಾಟದ ಅಳತೆ.

ಹೋದ ವಾರದ ಇಂಡಿಕೇಟರ್ ತಗೊಳ್ಳಿ. ಪ್ರತಿ ಗ್ರಾಹಕನೂ ಒಂದು 0-1, ಕೊಂಡರೆ 1. ಒಬ್ಬನ ವೇರಿಯನ್ಸ್ p(1-p), ಅಂದರೆ 0.05 × 0.95 = 0.0475. ಹತ್ತು ಸಾವಿರ ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದವರಾದರೆ ವೇರಿಯನ್ಸ್ ಕೂಡಬಹುದು, ಒಟ್ಟು 475. ವರ್ಗಮೂಲ ತೆಗೆದರೆ ಸುಮಾರು 22. ಹಾಗಾಗಿ 500 ಅನ್ನೋದು ಸಹಜವಾಗಿಯೇ 22ರಷ್ಟು ಆಚೆ ಈಚೆ ಹೋಗೋ ಸಂಖ್ಯೆ. 478 ಬಂದರೂ 522 ಬಂದರೂ ಆಶ್ಚರ್ಯವಿಲ್ಲ. ಇಷ್ಟೊಂದು ಸಣ್ಣ ಸಣ್ಣ ಸ್ವತಂತ್ರ ಸಂಖ್ಯೆಗಳ ಮೊತ್ತ ಆಗಿರೋದರಿಂದ ಅದರ ಆಕಾರ ಗಂಟೆಯಂಥ ನಾರ್ಮಲ್ ಕರ್ವ್‌ಗೆ ಹತ್ತಿರ ಬರುತ್ತೆ, ಇದು ಸೆಂಟ್ರಲ್ ಲಿಮಿಟ್ ಥಿಯರಂ. ಅದಕ್ಕೇ "95% ಸಲ 1.96 ಪಟ್ಟಿನ ಒಳಗೆ" ಅನ್ನೋ ಮಾತು ಇಲ್ಲಿ ನಡೆಯುತ್ತೆ.

ಇಂಟರ್‌ವ್ಯೂನಲ್ಲಿ ಸ್ಟಾಂಡರ್ಡ್ ಡೀವಿಯೇಶನ್ ಮತ್ತು ಸ್ಟಾಂಡರ್ಡ್ ಎರರ್ ವ್ಯತ್ಯಾಸ ಕೇಳಿದರೆ ನಿಮ್ಮ ಸರ್ವರ್ ಲಾಗ್‌ನ ಉದಾಹರಣೆ ಕೊಡಿ. ಒಂದು ಎಪಿಐ ಉತ್ತರ ಕೊಡೋಕೆ ಸರಾಸರಿ 200 ಮಿಲಿಸೆಕೆಂಡ್, ಡೀವಿಯೇಶನ್ 400 ಇದೆ ಅಂದುಕೊಳ್ಳಿ. ಡೀವಿಯೇಶನ್ ಹೇಳೋದು ಒಂದೊಂದು ರಿಕ್ವೆಸ್ಟ್ ಎಷ್ಟು ಬೇರೆ ಬೇರೆ ಅಂತ. ಎಷ್ಟೇ ಡೇಟಾ ತಂದರೂ ಅದು ಕಮ್ಮಿ ಆಗಲ್ಲ. 100 ರಿಕ್ವೆಸ್ಟ್‌ಗಳ ಸರಾಸರಿ ತೆಗೆದರೆ ಆ ಸರಾಸರಿಯ ಅಲ್ಲಾಟ 400/√100 = 40, ಇದು ಸ್ಟಾಂಡರ್ಡ್ ಎರರ್. 10,000 ತಗೊಂಡರೆ 4ಕ್ಕೆ ಇಳಿಯುತ್ತೆ. ಡೇಟಾ ನೂರು ಪಟ್ಟು ಆದರೆ ಅಲ್ಲಾಟ ಹತ್ತನೇ ಒಂದು ಭಾಗ ಆಗುತ್ತೆ, ನೂರನೇ ಒಂದು ಭಾಗ ಅಲ್ಲ.

ಇಲ್ಲೇ ಒಂದು ಗುಂಡಿ ಇದೆ. ಆ 10,000 ರಿಕ್ವೆಸ್ಟ್ ಬಂದದ್ದು ಬರೀ 100 ಜನರಿಂದ, ತಲಾ ನೂರರಂತೆ ಅಂತ ಇಟ್ಟುಕೊಳ್ಳಿ. ನಿಧಾನ ನೆಟ್‌ವರ್ಕ್ ಇರೋ ಒಬ್ಬನ ನೂರು ರಿಕ್ವೆಸ್ಟೂ ನಿಧಾನವೇ. ಒಬ್ಬೊಬ್ಬನ ನೂರೂ ಪೂರ್ತಿ ಒಂದೇ ತರಹ ಇದ್ದರೆ ನಮ್ಮ ಹತ್ತಿರ ನಿಜವಾಗಿ ಇರೋದು 100 ಅಳತೆ ಮಾತ್ರ, ಸ್ಟಾಂಡರ್ಡ್ ಎರರ್ 4 ಅಲ್ಲ, 40. ನಿಜ ಜೀವನದಲ್ಲಿ ಅದು ಇವೆರಡರ ಮಧ್ಯೆ ಎಲ್ಲೋ ಇರುತ್ತೆ. ಬಟನ್ ಪ್ರಶ್ನೆಯಲ್ಲೂ ಅಷ್ಟೇ. ಲಾಟರಿ ಎತ್ತಿದ್ದು ಜನರ ಮೇಲೆ, ಆದರೆ ಲೆಕ್ಕ ಹಾಕಿದ್ದು ಕ್ಲಿಕ್‌ಗಳ ಮೇಲೆ ಅಂದರೆ ಅಲ್ಲಾಟವನ್ನು ಕಮ್ಮಿ ಅಂದಾಜು ಮಾಡಿರ್ತೀವಿ. "ಈ 10,000 ಅನ್ನೋದು ಜನರಾ, ವಿಸಿಟ್‌ಗಳಾ?" ಅಂತ ಇಂಟರ್‌ವ್ಯೂ ಮಾಡುವವರನ್ನೇ ಕೇಳಿ. ಆ ಪ್ರಶ್ನೆ ಕೇಳಿದರೆ ಮೂರನೇ ವಾರ ನಿಮಗೆ ದಕ್ಕಿದೆ ಅಂತ ಅರ್ಥ.

ನಾಲ್ಕನೇ ವೀಕೆಂಡ್: ಬಟನ್ ಬಿಡೋಣವಾ?

ಈಗ ಹೊಸ ಫಾರ್ಮುಲಾ ಏನೂ ಬೇಡ. ಹಳೇ ಬಟನ್‌ನ 500ರ ವೇರಿಯನ್ಸ್ 475. ಹೊಸದರ 560ರ ವೇರಿಯನ್ಸ್ 10,000 × 0.056 × 0.944, ಸುಮಾರು 529. ವ್ಯತ್ಯಾಸ ತೆಗೆಯುವಾಗಲೂ ವೇರಿಯನ್ಸ್ ಕೂಡಲೇಬೇಕು, ಕಳೆಯೋದಲ್ಲ. ಒಟ್ಟು 1,004, ವರ್ಗಮೂಲ ಸುಮಾರು 32. ನಮಗೆ ಕಂಡ ವ್ಯತ್ಯಾಸ 60. ಅಂದರೆ ವ್ಯತ್ಯಾಸವು ಅಲ್ಲಾಟದ 1.89 ಪಟ್ಟು. 1.96 ದಾಟಿಲ್ಲ. ಪಿ-ವ್ಯಾಲ್ಯೂ ಸುಮಾರು 0.058.

ಈ 0.058ರ ಅರ್ಥ ಏನು ಅನ್ನೋದೇ ಶನಿವಾರದ ಮೊದಲ ಕೆಲಸ. ಬಟನ್‌ನಿಂದ ಏನೂ ವ್ಯತ್ಯಾಸ ಇಲ್ಲದೇ ಇದ್ದಿದ್ದರೆ, ಬರೀ ಅದೃಷ್ಟದಿಂದ 60 ಅಥವಾ ಅದಕ್ಕಿಂತ ದೊಡ್ಡ ಅಂತರ, ಯಾವ ಕಡೆಗಾದರೂ, ಕಾಣೋ ಸಾಧ್ಯತೆ 5.8%. "ಬಟನ್ ಕೆಲಸ ಮಾಡದೇ ಇರೋ ಸಾಧ್ಯತೆ 5.8%" ಅಂತ ಅಲ್ಲ. ಮೊದಲ ವಾರದ ಅಲಾರಂ ನೆನಪಿಸಿಕೊಳ್ಳಿ, ಎರಡೂ ತಿರುಗುಮುರುಗು. ಒಂದು ಕಂಪನಿ 1,000 ಐಡಿಯಾ ಪರೀಕ್ಷಿಸುತ್ತೆ, ಅದರಲ್ಲಿ 100 ಮಾತ್ರ ನಿಜವಾಗಿ ಫಲ ಕೊಡೋವು ಅಂತ ಇಟ್ಟುಕೊಳ್ಳೋಣ. ಟೆಸ್ಟ್ ಆ ನೂರರಲ್ಲಿ 80 ಹಿಡಿಯುತ್ತೆ. ಉಳಿದ 900ರಲ್ಲಿ 5%, ಅಂದರೆ 45 ಕೂಡ "ಸಿಗ್ನಿಫಿಕೆಂಟ್" ಅಂತ ಬರುತ್ತೆ. ಒಟ್ಟು 125ರಲ್ಲಿ 45, ಅಂದರೆ 36% ಸುಳ್ಳು ಅಲಾರಂ. 5% ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದ ಟೆಸ್ಟ್ ಇದು.

ಎರಡನೇ ಕೆಲಸ ಕಾನ್ಫಿಡೆನ್ಸ್ ಇಂಟರ್ವಲ್. 60ಕ್ಕೆ 1.96 × 31.7, ಅಂದರೆ 62 ಕೂಡಿ, ಕಳೆಯಿರಿ. ಹತ್ತು ಸಾವಿರ ಜನರಿಗೆ -2ರಿಂದ 122 ಹೆಚ್ಚುವರಿ ಮಾರಾಟ. "ಪರಿಣಾಮ ಇಲ್ಲ" ಅಂತ ಇದು ಹೇಳ್ತಾ ಇಲ್ಲ. ಏನೂ ಇಲ್ಲದೇ ಇರಬಹುದು, ಅಥವಾ ಮಾರಾಟ ಕಾಲು ಭಾಗ ಹೆಚ್ಚಾಗಿರಬಹುದು, ಈ ಡೇಟಾಗೆ ಎರಡನ್ನೂ ಬೇರೆ ಮಾಡೋ ಶಕ್ತಿ ಇಲ್ಲ ಅಂತ ಹೇಳ್ತಾ ಇದೆ.

ಯಾಕೆ ಶಕ್ತಿ ಇಲ್ಲ? ಇದೇ ಮೂರನೇ ಕೆಲಸ. ನಿಜವಾದ ಸುಧಾರಣೆ 5%ನಿಂದ 5.6% ಅಂತಲೇ ಇಟ್ಟುಕೊಳ್ಳಿ. ಆಗ ಸರಾಸರಿಯಾಗಿ ಕಾಣೋ ಅಂತರ ಅಲ್ಲಾಟದ 1.89 ಪಟ್ಟು, ನಾವು ಇಟ್ಟ ಗೆರೆ 1.96. ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಸಲ ಮಾತ್ರ ಗೆರೆ ದಾಟುತ್ತೆ. ಅಂದರೆ ಈ ಟೆಸ್ಟ್ ಶುರುವಾದ ದಿನದಿಂದಲೇ ಹೆಚ್ಚು ಕಮ್ಮಿ ನಾಣ್ಯ ಚಿಮ್ಮಿದ ಹಾಗೆ ಇತ್ತು. 80% ಸಲ ಹಿಡಿಯಬೇಕು ಅಂದರೆ ಒಂದು ಗುಂಪಿಗೆ ಎಷ್ಟು ಜನ ಬೇಕು ಅನ್ನೋಕೆ ಒಂದು ಕೈಅಂದಾಜು ಇದೆ:

```
n ≈ 16 · p(1-p) / d²
```

p ಅಂದರೆ ಈಗಿನ ದರ, d ಅಂದರೆ ನಾವು ಹಿಡಿಯಬೇಕೆಂದಿರೋ ಅಂತರ. 16 ಬಂದದ್ದು 2 × (1.96 + 0.84)²ನಿಂದ, 5% ಗೆರೆ ಮತ್ತು 80% ಪವರ್‌ಗೆ. ನಮ್ಮ ಸಂಖ್ಯೆ ಹಾಕಿದರೆ 16 × 0.0475 / 0.006², ಸುಮಾರು 21,000. ಇನ್ನೂ ನಿಖರವಾಗಿ ಲೆಕ್ಕ ಹಾಕಿದರೆ 22,000ದ ಹತ್ತಿರ ಬರುತ್ತೆ. ಅಂತರ ಅರ್ಧ ಮಾಡಿದರೆ ಜನ ನಾಲ್ಕು ಪಟ್ಟು ಬೇಕು, ಇದನ್ನು ಫಾರ್ಮುಲಾ ನೋಡಿಯೇ ಹೇಳಬಹುದು.

"ಸರಿ, 0.058 ತಾನೇ, ಇನ್ನೆರಡು ದಿನ ಓಡಿಸಿ 0.05 ಕೆಳಗೆ ಇಳಿದ ಕೂಡಲೇ ನಿಲ್ಲಿಸೋಣ" ಅಂದರೆ? ಇದು ಭಾನುವಾರದ ಸಿಮ್ಯುಲೇಶನ್. ಎರಡೂ ಗುಂಪಿಗೂ ಒಂದೇ ಬಟನ್ ಕೊಡಿ, ದಿನಕ್ಕೆ ತಲಾ ಸಾವಿರ ಜನ, ಹತ್ತು ದಿನ. ದಿನಾ ಸಂಜೆ ನೋಡಿ, ಯಾವತ್ತಾದರೂ 1.96 ದಾಟಿದರೆ "ಗೆದ್ದೆ" ಅನ್ನಿ.

```python
import numpy as np

rng = np.random.default_rng(1)
days, n, runs, hits = 10, 1000, 5000, 0
m = n * np.arange(1, days + 1)
for _ in range(runs):
    a = rng.binomial(n, 0.05, days).cumsum()
    b = rng.binomial(n, 0.05, days).cumsum()
    p = (a + b) / (2 * m)
    z = (b - a) / m / np.sqrt(2 * p * (1 - p) / m)
    hits += (abs(z) > 1.96).any()
print(hits / runs)
```

5% ಬರಬೇಕಿತ್ತು, ಸುಮಾರು 19% ಬರುತ್ತೆ. ಬಟನ್ ಒಂದೇ ಆಗಿದ್ದರೂ ಐದರಲ್ಲಿ ಸುಮಾರು ಒಂದು ಸಲ ಗೆದ್ದೆ ಅಂತ ಅನಿಸುತ್ತೆ. ದಿನಾ ಇಣುಕಿ ನೋಡಲೇಬೇಕು ಅಂದರೆ ಗೆರೆಯನ್ನು ಮೊದಲೇ ಎತ್ತರಕ್ಕೆ ಇಡಬೇಕು, ಅದಕ್ಕೆ ಸೀಕ್ವೆನ್ಶಿಯಲ್ ಟೆಸ್ಟಿಂಗ್ ಅನ್ನೋ ಬೇರೆ ವಿಧಾನಗಳಿವೆ. ಅಂಥದ್ದು ಇದೆ, ಯಾಕೆ ಬೇಕು ಅಂತ ಗೊತ್ತಿದ್ದರೆ ಈ ಹಂತಕ್ಕೆ ಸಾಕು.

ಹಾಗಾದರೆ ಉತ್ತರ? ಬಾಯಲ್ಲಿ ಹೇಳೋದಾದರೆ ಹೀಗೆ: "ಈ ಡೇಟಾದಿಂದ ಗೆದ್ದಿದೆ ಅಂತ ಹೇಳೋಕೆ ಆಗಲ್ಲ, ಕೆಲಸ ಮಾಡಲ್ಲ ಅಂತಲೂ ಹೇಳೋಕೆ ಆಗಲ್ಲ. ಟೆಸ್ಟ್ ಚಿಕ್ಕದಾಗಿತ್ತು. 0.6 ಪರ್ಸೆಂಟೇಜ್ ಪಾಯಿಂಟ್ ಸುಧಾರಣೆ ನಮಗೆ ಮುಖ್ಯ ಅಂದರೆ, ಗುಂಪಿಗೆ 22,000 ಜನರಂತೆ ಮೊದಲೇ ನಿಗದಿ ಮಾಡಿ ಹೊಸದಾಗಿ ಟೆಸ್ಟ್ ಮಾಡ್ತೀನಿ, ಮಧ್ಯದಲ್ಲಿ ನಿಲ್ಲಿಸಲ್ಲ. ಬಟನ್ ಬದಲಿಸೋದು ಅಗ್ಗ, ಹಿಂದಕ್ಕೆ ತರೋದೂ ಸುಲಭ, ತಪ್ಪಾದರೆ ನಷ್ಟ ಕಮ್ಮಿ ಅಂದರೆ ಈಗಲೇ ಬಿಡೋದೂ ಒಪ್ಪಬಹುದಾದ ನಿರ್ಧಾರ, ಆದರೆ ಅದು ವ್ಯವಹಾರದ ನಿರ್ಧಾರ, ಸ್ಟಾಟಿಸ್ಟಿಕ್ಸ್ ಕೊಟ್ಟ ತೀರ್ಪಲ್ಲ."

ಭಾನುವಾರ ಸಂಜೆಯ ಒಂದು ಗಂಟೆ

ನಾಲ್ಕೂ ವಾರ ಭಾನುವಾರ ಸಂಜೆ ಆ ವಾರದ ಪ್ರಶ್ನೆಯನ್ನು ಐದು ನಿಮಿಷದಲ್ಲಿ ವಿವರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ಸಲ ಕನ್ನಡದಲ್ಲಿ, ಫಾರ್ಮುಲಾ ಹೆಸರು ಹೇಳದೆ, ಸಿವಿಲ್ ಓದ್ತಾ ಇರೋ ರೂಮ್‌ಮೇಟ್‌ಗೆ ಹೇಳಿದ ಹಾಗೆ. "ಪಿ-ವ್ಯಾಲ್ಯೂ" ಅನ್ನೋ ಪದ ಬಳಸದೆ 0.058 ಏನು ಅಂತ ಹೇಳೋಕೆ ಹೊರಟಾಗ ಪದದ ಹಿಂದೆ ಬಚ್ಚಿಟ್ಟುಕೊಳ್ಳೋಕೆ ಜಾಗ ಇರಲ್ಲ, ಎಲ್ಲಿ ಅರ್ಥವಾಗಿಲ್ಲವೋ ಅಲ್ಲೇ ಮಾತು ನಿಲ್ಲುತ್ತೆ. ಎರಡನೇ ಸಲ ಅದನ್ನೇ ಇಂಗ್ಲಿಷಿನಲ್ಲಿ, ಇಂಟರ್‌ವ್ಯೂ ತರಹ. ಆಮೇಲೆ ಎರಡನ್ನೂ ಕೇಳಿ, ತಡವರಿಸಿದ ವಾಕ್ಯವನ್ನು ಬರೆದಿಡಿ. ಮುಂದಿನ ಶನಿವಾರದ ಮೊದಲ ಅರ್ಧ ಗಂಟೆ ಅದರಿಂದಲೇ ಶುರು ಮಾಡಿ.

ಈ ಪ್ಲಾನ್‌ನಲ್ಲಿ ಬಿಟ್ಟದ್ದೂ ಇದೆ. ಕೈ-ಸ್ಕ್ವೇರ್, ಅನೋವಾ, ಮಾರ್ಕೊವ್ ಚೈನ್, ರಿಗ್ರೆಶನ್ ಇಲ್ಲಿಲ್ಲ. ರಿಗ್ರೆಶನ್‌ಗೆ ಅದರದ್ದೇ ಎರಡು ವೀಕೆಂಡ್ ಬೇಕು. ಆದರೆ ರಿಗ್ರೆಶನ್ ಟೇಬಲ್‌ನಲ್ಲಿ ಪ್ರತಿ ಕೋಎಫಿಶಿಯಂಟ್ ಪಕ್ಕ ಇರೋ ಸ್ಟಾಂಡರ್ಡ್ ಎರರ್ ಮೂರನೇ ವಾರದ್ದೇ, ಅದರ ಪಕ್ಕದ ಪಿ-ವ್ಯಾಲ್ಯೂ ನಾಲ್ಕನೇ ವಾರದ್ದೇ.

ತಯಾರಾಗಿದ್ದೀರಾ ಇಲ್ಲವಾ ಅಂತ ನೋಡೋಕೆ ಐದನೇ ಶನಿವಾರ ಒಬ್ಬ ಗೆಳೆಯನಿಗೆ ಬಟನ್ ಪ್ರಶ್ನೆಯನ್ನೇ ಬೇರೆ ಸಂಖ್ಯೆ ಹಾಕಿ ಕೇಳೋಕೆ ಹೇಳಿ. ಉದಾಹರಣೆಗೆ ಗುಂಪಿಗೆ 2,000 ಜನ, 200 ಮತ್ತು 236. ಕ್ಯಾಲ್ಕುಲೇಟರ್ ಇಲ್ಲದೆ ವೇರಿಯನ್ಸ್ 180 ಮತ್ತು ಸುಮಾರು 208, ಕೂಡಿದರೆ 388, ವರ್ಗಮೂಲ 20ಕ್ಕೆ ಸ್ವಲ್ಪ ಕಮ್ಮಿ, ಅಂತರ 36, ಹಾಗಾಗಿ 1.8 ಪಟ್ಟು ಅಂತ ಎರಡು ನಿಮಿಷದಲ್ಲಿ ಬರಬೇಕು. ಬಂದ ಮೇಲೆ ಬಾಯಿಗೆ ಮೊದಲು ಬರೋ ಮಾತು "ಸಿಗ್ನಿಫಿಕೆಂಟ್ ಅಲ್ಲ" ಅನ್ನೋದಾ, ಅಥವಾ "ಈ 2,000 ಜನರಾ, ವಿಸಿಟ್‌ಗಳಾ? ಎಷ್ಟು ಅಂತರ ಹಿಡಿಯಬೇಕು ಅಂತ ಮೊದಲೇ ಯೋಚಿಸಿದ್ರಾ?" ಅನ್ನೋದಾ, ನೋಡಿಕೊಳ್ಳಿ. ಎರಡನೆಯದಾದರೆ ಇಂಟರ್‌ವ್ಯೂ ಡೇಟ್ ಕೊಡಬಹುದು.